ಫೆನಿಟೋಯಿನ್‌ನಿಂದ ಡ್ರೆಸ್: ಜರ್ನಲ್ ಕ್ಲಬ್‌ಗೆ ಸ್ಲೈಡ್ ಜೋಡಿಸುವುದು ಹೇಗೆ?

ಪ್ರಶ್ನೆ: ನಾನು ಫಾರ್ಮ್ ಡಿ ಐದನೇ ವರ್ಷದ ವಿದ್ಯಾರ್ಥಿನಿ. ಮುಂದಿನ ವಾರ ಜರ್ನಲ್ ಕ್ಲಬ್‌ನಲ್ಲಿ ಒಂದು ಅಪರೂಪದ ಔಷಧ ಪ್ರತಿಕ್ರಿಯೆಯ ಕೇಸ್ ಮಂಡಿಸಬೇಕು, 20 ನಿಮಿಷ ಕೊಟ್ಟಿದ್ದಾರೆ. ರೋಗಿ 34 ವರ್ಷದ ಮಹಿಳೆ, ಫಿಟ್ಸ್‌ಗೆ ಫೆನಿಟೋಯಿನ್ ದಿನಕ್ಕೆ 300 ಮಿಗ್ರಾಂ. 21ನೇ ದಿನ ಜ್ವರ, 22ನೇ ದಿನ ಹೊರಗಿನ ಕ್ಲಿನಿಕ್‌ನಲ್ಲಿ ಅಮಾಕ್ಸಿಸಿಲಿನ್, 24ನೇ ದಿನ ಮೈಯೆಲ್ಲಾ ದದ್ದು, ಮುಖ ಊತ. 26ನೇ ದಿನ ಅಡ್ಮಿಟ್ ಮಾಡಿ ಎರಡೂ ನಿಲ್ಲಿಸಿ ಲೆವೆಟಿರಾಸಿಟಮ್ ಶುರು ಮಾಡಿದರು, ಮರುದಿನ ಪ್ರೆಡ್ನಿಸೋಲೋನ್. ಜ್ವರ 39.1 ಡಿಗ್ರಿ, ಕುತ್ತಿಗೆ ಮತ್ತು ತೊಡೆಸಂದಿನಲ್ಲಿ ಗಂಟು, ಬಿಳಿ ರಕ್ತಕಣ 16,800, ಇಯೋಸಿನೋಫಿಲ್ 18%, ಎಎಲ್‌ಟಿ 412, ಎಎಲ್‌ಪಿ 180. ಕಿಡ್ನಿ ನಾರ್ಮಲ್. ಹೆಪಟೈಟಿಸ್ ಬಿ, ಸಿ, ಬ್ಲಡ್ ಕಲ್ಚರ್ ನೆಗೆಟಿವ್. ಬಯಾಪ್ಸಿ ಆಗಿಲ್ಲ. 33ನೇ ದಿನ ಡಿಸ್ಚಾರ್ಜ್, ಆಗ ಎಎಲ್‌ಟಿ 138. ಔಷಧದಿಂದ ಜ್ವರ, ದದ್ದು, ಇಯೋಸಿನೋಫಿಲ್ ಏರಿಕೆ, ಒಳಾಂಗಕ್ಕೆ ಪೆಟ್ಟು ಒಟ್ಟಿಗೆ ಬರುವ ಡ್ರೆಸ್ ಎಂಬ ಪ್ರತಿಕ್ರಿಯೆ ಎಂದು ಡಯಾಗ್ನೋಸಿಸ್. ನನ್ನ ಹತ್ತಿರ ಈಗಾಗಲೇ 38 ಸ್ಲೈಡ್ ಇವೆ. ಯಾವುದನ್ನು ಇಟ್ಟುಕೊಳ್ಳಲಿ, ಹೇಗೆ ಜೋಡಿಸಲಿ?

ಉತ್ತರ: ಹನ್ನೆರಡು ಸ್ಲೈಡ್ ಸಾಕು. ಉಳಿದ 26ರಲ್ಲಿ ಹೆಚ್ಚಿನವು ಫೆನಿಟೋಯಿನ್‌ನ ಕೆಲಸದ ರೀತಿ, ಡ್ರೆಸ್‌ನ ವ್ಯಾಖ್ಯಾನ, ವರ್ಗೀಕರಣದ ಪಟ್ಟಿ ಇಂಥವೇ ಇರುತ್ತವೆ. ಅವೆಲ್ಲ ಕೇಳುವವರಿಗೆ ಗೊತ್ತು, ಇಲ್ಲವೆಂದರೆ ಪುಸ್ತಕದಲ್ಲಿ ಸಿಗುತ್ತದೆ. ನಿಮ್ಮ ಕೇಸಿನಲ್ಲಿ ಕೇಳಲು ಬಂದವರಿಗೆ ಬೇಕಾದ ಪ್ರಶ್ನೆ ಒಂದೇ: ಇದು ಫೆನಿಟೋಯಿನ್‌ನಿಂದಲೇ ಆಯಿತೋ, ಅಮಾಕ್ಸಿಸಿಲಿನ್‌ನಿಂದ ಆಯಿತೋ? ಅದನ್ನು ಹೇಗೆ ತೀರ್ಮಾನಿಸಿದಿರಿ? ಇಡೀ ಮಂಡನೆ ಆ ಪ್ರಶ್ನೆಯ ಸುತ್ತ ಕಟ್ಟಿ. ಕೇಸಿಗೆ 5 ನಿಮಿಷ, ಸ್ಕೋರ್‌ಗಳಿಗೆ 6, ಪೇಪರ್‌ಗೆ 6, ಚಿಕಿತ್ಸೆ ಮತ್ತು ವರದಿಗೆ 3.

ಮೊದಲ ಸ್ಲೈಡಿನಲ್ಲಿ ಡಯಾಗ್ನೋಸಿಸ್ ಬರೆಯಬೇಡಿ. "ಫೆನಿಟೋಯಿನ್ ಶುರುವಾಗಿ ನಾಲ್ಕನೇ ವಾರ: ಜ್ವರ, ಮುಖದ ಊತ, ದದ್ದು" ಎಂದಿಷ್ಟೇ ಇರಲಿ. ಎರಡನೆಯದರಲ್ಲಿ ನೀವು ಮೇಲೆ ಬರೆದಿರುವ ಕೇಸು, ಆರು ಸಾಲಿನಲ್ಲಿ. ಹೆಸರು, ಐಪಿ ನಂಬರ್, ತಾರೀಖು ಯಾವುದೂ ಬೇಡ. ತಾರೀಖಿನ ಬದಲು ಫೆನಿಟೋಯಿನ್‌ನ ಮೊದಲ ಮಾತ್ರೆ ನುಂಗಿದ ದಿನವನ್ನು 1ನೇ ದಿನ ಎಂದು ಎಣಿಸಿ, ಕೊನೆಯವರೆಗೂ ಅದೇ ಎಣಿಕೆ ಇರಲಿ. ಅಡ್ಮಿಟ್ ಆದ ದಿನದಿಂದ ಎಣಿಸುವುದು ವಾರ್ಡಿನ ರೂಢಿ. ಒಂದು ಸ್ಲೈಡಿನಲ್ಲಿ ಆ ಎಣಿಕೆ, ಇನ್ನೊಂದರಲ್ಲಿ ಈ ಎಣಿಕೆ ಬಂದರೆ ಕೇಳುವವರು ಅಲ್ಲೇ ದಾರಿ ತಪ್ಪುತ್ತಾರೆ. ಲ್ಯಾಬ್ ರಿಪೋರ್ಟಿನ ಫೋಟೋವನ್ನು ಕ್ರಾಪ್ ಮಾಡಿ ಹೆಸರು ಮುಚ್ಚಿದ್ದರೆ ಅದು ಮುಚ್ಚಿದಂತಲ್ಲ. ಪವರ್‌ಪಾಯಿಂಟ್ ಕತ್ತರಿಸಿದ ಭಾಗವನ್ನು ಫೈಲಿನೊಳಗೇ ಇಟ್ಟುಕೊಳ್ಳುತ್ತದೆ, ಫೈಲ್ ಹಂಚಿದಾಗ ಯಾರು ಬೇಕಾದರೂ ಅದನ್ನು ಮತ್ತೆ ಬಿಚ್ಚಿ ನೋಡಬಹುದು. `Compress Pictures`ನಲ್ಲಿ `Delete cropped areas of pictures` ಆಯ್ಕೆ ಮಾಡಿ, ಇಲ್ಲವೇ ಅಂಕಿಗಳನ್ನು ಹೊಸದಾಗಿ ಟೈಪ್ ಮಾಡಿ. ಮುಖದ ಫೋಟೋ ಹಾಕುವುದಾದರೆ ರೋಗಿಯ ಲಿಖಿತ ಒಪ್ಪಿಗೆ ಬೇಕು. ಕಣ್ಣಿನ ಮೇಲೆ ಕಪ್ಪು ಪಟ್ಟಿ ಎಳೆದರೂ ಗುರುತು ಹತ್ತುತ್ತದೆ.

ಮೂರನೇ ಸ್ಲೈಡ್ ಟೈಮ್‌ಲೈನ್. ನಿಮ್ಮ ಮಂಡನೆಯ ಜೀವಾಳ ಇದು. ಅದರ ಮುಂದೆ ಮೂರು ನಿಮಿಷ ನಿಲ್ಲಿ.

ಒಂದು ಅಡ್ಡಗೆರೆ, 1ರಿಂದ 40ನೇ ದಿನದವರೆಗೆ. ಗೆರೆಯ ಮೇಲೆ ಔಷಧಗಳು ಪಟ್ಟಿಗಳಾಗಿ: ಫೆನಿಟೋಯಿನ್ 1ರಿಂದ 26, ಅಮಾಕ್ಸಿಸಿಲಿನ್ 22ರಿಂದ 26, ಲೆವೆಟಿರಾಸಿಟಮ್ 26ರಿಂದ ಮುಂದಕ್ಕೆ, ಪ್ರೆಡ್ನಿಸೋಲೋನ್ 27ರಿಂದ. ಗೆರೆಯ ಕೆಳಗೆ ಲಕ್ಷಣಗಳು: 21ಕ್ಕೆ ಜ್ವರ, 24ಕ್ಕೆ ದದ್ದು, 33ಕ್ಕೆ ಡಿಸ್ಚಾರ್ಜ್. ಇಷ್ಟು ಬರೆದಾಗ ಬಾಯಲ್ಲಿ ಹೇಳಬೇಕಾದ್ದನ್ನು ಚಿತ್ರವೇ ಹೇಳುತ್ತದೆ. ಅಮಾಕ್ಸಿಸಿಲಿನ್ ಪಟ್ಟಿ ಶುರುವಾಗುವ ಮೊದಲೇ ಜ್ವರ ಬಂದಿದೆ. ಅಂದರೆ ಕಾಯಿಲೆಯ ಮೊದಲ ಲಕ್ಷಣಕ್ಕೆಂದೇ ಆ ಮಾತ್ರೆ ಕೊಟ್ಟಿದ್ದಾರೆ, ನಂತರ ದದ್ದು ಕಂಡಾಗ ಮಾತ್ರೆಯೇ ಕಾರಣದಂತೆ ತೋರಿದೆ. ಔಷಧ ಪ್ರತಿಕ್ರಿಯೆಯ ಕೇಸುಗಳಲ್ಲಿ ಮತ್ತೆ ಮತ್ತೆ ಆಗುವ ತಪ್ಪು ಇದು. ಇದರಿಂದ ರೋಗಿಯ ಚೀಟಿಯಲ್ಲಿ "ಪೆನಿಸಿಲಿನ್ ಅಲರ್ಜಿ" ಎಂದು ಸೇರಿಕೊಂಡು, ಫೆನಿಟೋಯಿನ್ ಮತ್ತೆ ಕೊಡುವ ಅಪಾಯ ಉಳಿದುಬಿಡುತ್ತದೆ. ಎರಡು ದಿನದಲ್ಲಿ ಡ್ರೆಸ್ ಆಗುವುದೂ ಅದರ ಸ್ವಭಾವಕ್ಕೆ ಒಗ್ಗದ ಮಾತು. ಸಾಮಾನ್ಯವಾಗಿ ಎರಡರಿಂದ ಎಂಟು ವಾರ ಹಿಡಿಯುತ್ತದೆ. ಆದರೆ ಅಮಾಕ್ಸಿಸಿಲಿನ್‌ಗೆ ಏನೂ ಪಾತ್ರವಿಲ್ಲ ಎಂದು ಖಡಾಖಂಡಿತ ಹೇಳಬೇಡಿ. ಆಗಲೇ ಹತ್ತಿಕೊಂಡಿದ್ದ ಪ್ರತಿಕ್ರಿಯೆಯನ್ನು ಅದು ಕೆರಳಿಸಿರಲೂಬಹುದು.

ಟೈಮ್‌ಲೈನ್ ಬರೆಯುವ ಮೊದಲು ರೋಗಿಗೋ ಮನೆಯವರಿಗೋ ಒಮ್ಮೆ ಫೋನ್ ಮಾಡಿ, ಕೇಸ್‌ಶೀಟ್‌ನಲ್ಲಿ ಇಲ್ಲದ ಮಾತ್ರೆಗಳನ್ನು ಕೇಳಿ. "ಬೇರೆ ಔಷಧ ತಗೊಂಡಿದ್ರಾ?" ಎಂದು ಕೇಳಿದರೆ ಇಲ್ಲ ಎನ್ನುತ್ತಾರೆ. "ಜ್ವರಕ್ಕೆ ಮೆಡಿಕಲ್ ಶಾಪ್‌ನಿಂದ ಏನಾದ್ರೂ ತಂದಿದ್ರಾ? ಮುಟ್ಟಿನ ಹೊಟ್ಟೆನೋವಿಗೆ ಮಾತ್ರೆ? ನಾಟಿ ಔಷಧಿ?" ಎಂದು ಒಂದೊಂದಾಗಿ ಕೇಳಿ. ಮುಟ್ಟಿನ ನೋವಿನ ಪ್ರಶ್ನೆ ಸುಮ್ಮನೆ ಹಾಕಿದ್ದಲ್ಲ. ಮೆಫೆನಮಿಕ್ ಆಸಿಡ್‌ನಿಂದಲೂ ಡ್ರೆಸ್ ಆಗಬಹುದೆಂದು ಭಾರತೀಯ ಫಾರ್ಮಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಆಕೆ ಅದನ್ನು ನುಂಗಿದ್ದರೆ ನಿಮ್ಮ ಚಿತ್ರಕ್ಕೆ ಇನ್ನೊಂದು ಪಟ್ಟಿ ಸೇರಬೇಕು.

ನಾಲ್ಕನೇ ಸ್ಲೈಡಿನಲ್ಲಿ ಲ್ಯಾಬ್ ಅಂಕಿಗಳು, ಐದನೆಯದರಲ್ಲಿ ಬೇರೆ ಸಾಧ್ಯತೆಗಳು. ಇಪ್ಪತ್ತು ಸಾಲಿನ ಕೋಷ್ಟಕ ಬೇಡ. ಎಎಲ್‌ಟಿ ಮತ್ತು ಇಯೋಸಿನೋಫಿಲ್‌ನ ಒಟ್ಟು ಸಂಖ್ಯೆ, ಈ ಎರಡರ ಏರಿಳಿತ ಅದೇ ದಿನದ ಎಣಿಕೆಯಲ್ಲಿ ಕಾಣಿಸಿದರೆ ಆಯಿತು. ಲಿವರ್ ಪೆಟ್ಟಿನ ಬಗೆ ಹೇಳಲು ಒಂದು ಸಣ್ಣ ಲೆಕ್ಕ ಸೇರಿಸಿ. ನಿಮ್ಮ ಲ್ಯಾಬಿನ ಮೇಲ್ಮಿತಿ ಎಎಲ್‌ಟಿಗೆ 40, ಎಎಲ್‌ಪಿಗೆ 120 ಎಂದಿಟ್ಟುಕೊಂಡರೆ ಹೀಗಾಗುತ್ತದೆ:

```
R = (412 / 40) / (180 / 120) = 10.3 / 1.5 = 6.9
```

5 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಪೆಟ್ಟು ಮುಖ್ಯವಾಗಿ ಲಿವರ್ ಕೋಶಗಳಿಗೆ, 2ಕ್ಕಿಂತ ಕಡಿಮೆ ಬಂದರೆ ಪಿತ್ತದ ಹರಿವಿಗೆ, ನಡುವೆ ಬಂದರೆ ಮಿಶ್ರ. ಬೇರೆ ಸಾಧ್ಯತೆಗಳ ಸ್ಲೈಡಿನಲ್ಲಿ ಹತ್ತು ಹೆಸರು ಪೋಣಿಸದೆ ವೈರಲ್ ಹೆಪಟೈಟಿಸ್, ಸೆಪ್ಸಿಸ್, ಲಿಂಫೋಮಾ, ಸ್ಟೀವನ್ಸ್ ಜಾನ್ಸನ್ ಈ ನಾಲ್ಕನ್ನು ಇಟ್ಟು, ಪ್ರತಿಯೊಂದರ ಎದುರು ಅದನ್ನು ಯಾವುದರಿಂದ ತಳ್ಳಿಹಾಕಿದಿರಿ ಎಂದು ಒಂದೊಂದು ಸಾಲು ಬರೆಯಿರಿ.

ಆರನೆಯದು ರೆಜಿಸ್ಕಾರ್ ಸ್ಕೋರ್. ಇದು ಕೇಳುವುದು "ಇದು ಡ್ರೆಸ್ ಹೌದೇ?" ಎಂದು ಮಾತ್ರ, ಯಾವ ಔಷಧದಿಂದ ಆಯಿತೆಂದಲ್ಲ. ಏಳನೆಯ ಸ್ಲೈಡಿನ ನರಾಂಜೋ ಕೇಳುವುದು "ಈ ಔಷಧದಿಂದಲೇ ಆಯಿತೇ?" ಎಂದು. ಎರಡನ್ನೂ ಒಂದೇ ಸ್ಲೈಡಿಗೆ ತುರುಕಿದರೆ ಕೇಳುವವರು ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರ ಎಂದುಕೊಳ್ಳುತ್ತಾರೆ.

ನಿಮ್ಮ ಅಂಕಿಗಳಿಗೆ ರೆಜಿಸ್ಕಾರ್ ಹಾಕಿ ನೋಡೋಣ. ಜ್ವರ 38.5 ದಾಟಿದೆ, ಅದಕ್ಕೆ 0. ಈ ಸ್ಕೋರಿನಲ್ಲಿ ಜ್ವರ ಇದ್ದರೆ ಅಂಕ ಸಿಗುವುದಿಲ್ಲ, ಇಲ್ಲದಿದ್ದರೆ ಒಂದು ಕಳೆಯುತ್ತದೆ. ಗಂಟುಗಳು ಎರಡು ಕಡೆ, ಒಂದು ಸೆಂಟಿಮೀಟರ್‌ಗಿಂತ ದೊಡ್ಡವಾಗಿದ್ದರೆ 1. ಇನ್ನು ಇಯೋಸಿನೋಫಿಲ್, ಹೆಚ್ಚಿನವರು ಎಡವುವುದು ಇಲ್ಲೇ. 18% ಎಂದು ನೋಡಿ "10ರಿಂದ 19.9%" ಎಂಬ ಸಾಲಿಗೆ ಹಾಕಿ 1 ಕೊಡುತ್ತಾರೆ. ಆ ಶೇಕಡಾವಾರು ಸಾಲು ಒಟ್ಟು ಬಿಳಿ ರಕ್ತಕಣ 4,000ಕ್ಕಿಂತ ಕಡಿಮೆ ಇದ್ದಾಗ ಮಾತ್ರ ಅನ್ವಯ. ನಿಮ್ಮ ರೋಗಿಗೆ 16,800 ಇದೆ, ಹಾಗಾಗಿ ಒಟ್ಟು ಸಂಖ್ಯೆ ನೋಡಬೇಕು: 16,800ರ 18% ಅಂದರೆ 3,024. 1,500 ದಾಟಿದ್ದರಿಂದ 2 ಅಂಕ.

ಎಟಿಪಿಕಲ್ ಲಿಂಫೋಸೈಟ್ ಬಗ್ಗೆ ನೀವು ಬರೆದಿಲ್ಲ, ಈಗ 0. ಆ ದಿನದ ಸ್ಮಿಯರ್ ಲ್ಯಾಬಿನಲ್ಲಿ ಇನ್ನೂ ಇದ್ದರೆ ಪೆಥಾಲಜಿಯವರಿಗೆ ಇನ್ನೊಮ್ಮೆ ನೋಡಲು ಕೇಳಿಕೊಳ್ಳಿ. ದದ್ದು ಮೈಯ ಅರ್ಧಕ್ಕಿಂತ ಹೆಚ್ಚು ಹರಡಿದ್ದರೆ 1. ಮುಖದ ಊತದ ಜೊತೆ ದಪ್ಪಗಾದ ಚರ್ಮ, ಹೊಟ್ಟು ಏಳುವುದು, ಕೆನ್ನೇರಳೆ ಚುಕ್ಕಿ ಇವುಗಳಲ್ಲಿ ಒಂದಾದರೂ ಇದ್ದರೆ "ಡ್ರೆಸ್‌ಗೆ ಒಪ್ಪುವ ದದ್ದು" ಎಂದು ಇನ್ನೊಂದು 1. ಬಯಾಪ್ಸಿ ಇಲ್ಲ, 0. ಲಿವರ್‌ಗೆ 1, ಆದರೆ ಎಎಲ್‌ಟಿ ಎರಡು ಬೇರೆ ಬೇರೆ ದಿನ ಮೇಲ್ಮಿತಿಯ ಎರಡು ಪಟ್ಟು ದಾಟಿರಬೇಕು. ನಿಮ್ಮಲ್ಲಿ 412 ಮತ್ತು 138 ಎರಡೂ 80ಕ್ಕಿಂತ ಮೇಲಿವೆ, ಅದನ್ನು ಸ್ಲೈಡಿನಲ್ಲಿ ತೋರಿಸಿ. ಬೇರೆ ಕಾರಣ ತಳ್ಳಿಹಾಕಿದ್ದಕ್ಕೆ ಅಂಕ ಬೇಕಾದರೆ ಕನಿಷ್ಠ ಮೂರು ಪರೀಕ್ಷೆ ನೆಗೆಟಿವ್ ಇರಬೇಕು. ಹೆಪಟೈಟಿಸ್ ಎಲ್ಲ ಸೇರಿ ಒಂದು, ಕಲ್ಚರ್ ಒಂದು ಎಂದು ಬಿಗಿಯಾಗಿ ಎಣಿಸಿದರೆ ನಿಮ್ಮಲ್ಲಿ ಎರಡೇ ಇವೆ, ಆದ್ದರಿಂದ 0. ಎಎನ್‌ಎ ಮಾಡಿಸಿಲ್ಲ ಎಂಬುದನ್ನು ಸ್ಲೈಡಿನಲ್ಲೇ ಬರೆಯಿರಿ.

ಕೊನೆಯ ಸಾಲು ಕಾಯಿಲೆ 15 ದಿನ ಅಥವಾ ಹೆಚ್ಚು ಎಳೆಯಿತೇ ಎಂಬುದು. ಹೌದಾದರೆ 0, ಇಲ್ಲ ಅಥವಾ ಗೊತ್ತಿಲ್ಲ ಎಂದರೆ ಒಂದು ಕಳೆಯಬೇಕು. ಜ್ವರ ಬಂದದ್ದು 21ನೇ ದಿನ, ಡಿಸ್ಚಾರ್ಜ್ 33ಕ್ಕೆ: ನಿಮ್ಮ ಕಾಗದದಲ್ಲಿರುವುದು 12 ದಿನ ಮಾತ್ರ. ಈಗ ಕೂಡಿ: ಗಂಟಿಗೆ 1, ಇಯೋಸಿನೋಫಿಲ್‌ಗೆ 2, ದದ್ದಿಗೆ 2, ಲಿವರ್‌ಗೆ 1, ಒಟ್ಟು 6, ಅದರಲ್ಲಿ 1 ಕಳೆದರೆ 5. ನಾಲ್ಕು-ಐದು "ಸಂಭವನೀಯ", ಐದನ್ನು ದಾಟಿದರೆ "ಖಚಿತ". ಡಿಸ್ಚಾರ್ಜ್ ನಂತರದ ಒಂದೇ ಒಂದು ಓಪಿಡಿ ಭೇಟಿಯ ಲಿವರ್ ರಿಪೋರ್ಟ್ ನಿಮ್ಮ ಕೇಸಿನ ದರ್ಜೆಯನ್ನು ಬದಲಿಸಬಹುದು. ಆಕೆ ಫಾಲೋಅಪ್‌ಗೆ ಬಂದಿದ್ದರೆ ಆ ರಿಪೋರ್ಟ್ ಹುಡುಕಿ ತೆಗೆಯಿರಿ. ಬಂದಿರದಿದ್ದರೆ ಕರೆಸಬೇಕು, ಸ್ಟೀರಾಯ್ಡ್ ಇಳಿಸುವಾಗ ಹೇಗೂ ನೋಡಲೇಬೇಕಾದ ಪರೀಕ್ಷೆ ಅದು. ರಿಪೋರ್ಟ್ ಸಿಗದೇ ಹೋದರೆ 5 ಎಂದೇ ಬರೆದು, ಏಕೆ ಎಂದು ಹೇಳಿ. ಗೊತ್ತಿಲ್ಲದ್ದಕ್ಕೆ ಅಂಕ ಕೊಟ್ಟು "ಖಚಿತ" ಮಾಡುವುದಕ್ಕಿಂತ ಅದು ಎಷ್ಟೋ ಮೇಲು.

ನರಾಂಜೋ 1981ರ ಹತ್ತು ಪ್ರಶ್ನೆಗಳ ಪಟ್ಟಿ, ಎಲ್ಲ ಬಗೆಯ ಪ್ರತಿಕ್ರಿಯೆಗೂ ಹೊಂದಲಿ ಎಂದು ಮಾಡಿದ್ದು. ಡ್ರೆಸ್‌ಗೆ ಅದು ಪೂರ್ತಿ ಹೊಂದುವುದಿಲ್ಲ. ಔಷಧ ಮತ್ತೆ ಕೊಟ್ಟಾಗ ಮರುಕಳಿಸಿತೇ ಎಂಬ ಪ್ರಶ್ನೆಗೆ ಉತ್ತರ ಇರಬಾರದು, ಏಕೆಂದರೆ ಮತ್ತೆ ಕೊಡುವುದು ಜೀವಕ್ಕೇ ಅಪಾಯ. ಪ್ಲಾಸಿಬೊ ಕೊಟ್ಟಿಲ್ಲ. ಡೋಸ್ ಹೆಚ್ಚಿಸಿದರೆ ಹೆಚ್ಚಾಯಿತೇ ಎಂಬುದು ಇಂಥ ಅಲರ್ಜಿ ಬಗೆಯ ಪ್ರತಿಕ್ರಿಯೆಗೆ ಅಷ್ಟು ಸಲ್ಲದ ಪ್ರಶ್ನೆ. ಹೀಗೆ ಹಲವು ಪ್ರಶ್ನೆ ಸೊನ್ನೆಯಲ್ಲೇ ನಿಲ್ಲುವುದರಿಂದ 9 ಮುಟ್ಟಿ "ಖಚಿತ" ಆಗುವುದು ಹೆಚ್ಚುಕಡಿಮೆ ಅಸಾಧ್ಯ. ಸಭೆಯಲ್ಲಿ "ಯಾಕೆ ಪ್ರಾಬಬಲ್ ಮಾತ್ರ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಇದೇ.

ನಿಮ್ಮ ಲೆಕ್ಕ: ಮೊದಲೇ ದಾಖಲಾದ ಪ್ರತಿಕ್ರಿಯೆ 1, ಔಷಧದ ನಂತರ ಬಂದದ್ದು 2, ನಿಲ್ಲಿಸಿದ ಮೇಲೆ ಇಳಿದದ್ದು 1, ಬೇರೆ ಕಾರಣ ಇಲ್ಲ 2, ಪರೀಕ್ಷೆಯಲ್ಲಿ ಕಂಡ ಪುರಾವೆ 1. ಒಟ್ಟು 7, 5ರಿಂದ 8ರ ನಡುವೆ, "ಪ್ರಾಬಬಲ್". ನಿಲ್ಲಿಸಿದ ಮರುದಿನವೇ ಸ್ಟೀರಾಯ್ಡ್ ಶುರುವಾದ್ದರಿಂದ ಇಳಿದದ್ದು ಯಾವುದರಿಂದ ಎಂದು ಯಾರಾದರೂ ಕೇಳಿದರೆ ಆ 1 ಬಿಟ್ಟುಕೊಡಿ, 6 ಆದರೂ ದರ್ಜೆ ಅದೇ. ಆದರೆ "ಬೇರೆ ಕಾರಣ" ಪ್ರಶ್ನೆಗೆ ಅಮಾಕ್ಸಿಸಿಲಿನ್ ಎಂದು ಒಪ್ಪಿಕೊಂಡರೆ 2ರ ಬದಲು ಒಂದು ಕಳೆಯುತ್ತದೆ, 7 ಹೋಗಿ 4 ಆಗುತ್ತದೆ, "ಪಾಸಿಬಲ್"ಗೆ ಇಳಿಯುತ್ತದೆ. ಮೂರನೇ ಸ್ಲೈಡಿನಲ್ಲಿ ಅಷ್ಟು ಹೊತ್ತು ನಿಲ್ಲಿ ಎಂದದ್ದು ಇದಕ್ಕೇ. ಹಾಗಾಗಿ ಏಳನೇ ಸ್ಲೈಡಿನಲ್ಲಿ ಎರಡು ಅಂಕಣ ಮಾಡಿ, ಅಮಾಕ್ಸಿಸಿಲಿನ್‌ಗೂ ಅದೇ ಹತ್ತು ಪ್ರಶ್ನೆ ಹಾಕಿ. ಜ್ವರ ಅದಕ್ಕಿಂತ ಮೊದಲೇ ಬಂದದ್ದರಿಂದ ಎರಡನೇ ಪ್ರಶ್ನೆಗೆ ಒಂದು ಕಳೆಯುತ್ತದೆ. ಫೆನಿಟೋಯಿನ್ ಎಂಬ ಬೇರೆ ಕಾರಣ ಎದುರಿಗೇ ಇರುವುದರಿಂದ ಇನ್ನೊಂದು ಕಳೆಯುತ್ತದೆ. ಉಳಿದ ಮೂರು ಕೂಡಿದರೆ ಒಟ್ಟು 1. ಏಳರ ಪಕ್ಕದಲ್ಲಿ ಒಂದು ನಿಂತಾಗ ವಾದ ತಾನಾಗಿ ಮುಗಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಉಪ್ಸಲಾ ಮಾನದಂಡದಲ್ಲಿಯೂ ಫೆನಿಟೋಯಿನ್ "ಪ್ರಾಬಬಲ್" ಎಂದೇ ಬರುತ್ತದೆ. ಆ ದರ್ಜೆಗೆ ಮತ್ತೆ ಕೊಟ್ಟು ನೋಡುವ ಅಗತ್ಯವಿಲ್ಲ.

ಎಂಟರಿಂದ ಹತ್ತರವರೆಗೆ ಪೇಪರ್. ಒಂದೇ ಪೇಪರ್ ಆರಿಸಿ. ನಿಮ್ಮ ಕೇಸಿಗೆ ಚೆನ್ನಾಗಿ ಕೂಡುವುದು ರೆಜಿಸ್ಕಾರ್ ಗುಂಪು 2013ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿಯಲ್ಲಿ ಪ್ರಕಟಿಸಿದ ಅಧ್ಯಯನ. ಶಂಕಿತ 201 ಕೇಸುಗಳನ್ನು ಪರಿಶೀಲಿಸಿ 117 ಮಾತ್ರ ಸಂಭವನೀಯ ಅಥವಾ ಖಚಿತ ಡ್ರೆಸ್ ಎಂದು ಒಪ್ಪಿಕೊಂಡರು. ಸುಮಾರು 35% ಕೇಸುಗಳಲ್ಲಿ ಫಿಟ್ಸ್ ಔಷಧಗಳು, 18%ರಲ್ಲಿ ಅಲೋಪ್ಯೂರಿನಾಲ್ ಕಾರಣ. ಕಾರಣ ತುಂಬಾ ಸ್ಪಷ್ಟವಿದ್ದ ಔಷಧಗಳಲ್ಲಿ ಶುರುವಿನಿಂದ ಪ್ರತಿಕ್ರಿಯೆಯವರೆಗಿನ ಅವಧಿಯ ಮಧ್ಯಾಂಕ 22 ದಿನ. ನಿಮ್ಮ ರೋಗಿಗೆ ಜ್ವರ ಬಂದದ್ದು 21ನೇ ದಿನ. ಈ ಒಂದು ಹೋಲಿಕೆ ಒಂಬತ್ತನೇ ಸ್ಲೈಡಿನಲ್ಲಿ ದೊಡ್ಡದಾಗಿ ಬರಲಿ.

ಹತ್ತನೇ ಸ್ಲೈಡ್ ಪೇಪರಿನ ಮಿತಿ. "ಸ್ಯಾಂಪಲ್ ಚಿಕ್ಕದು" ಎಂದು ಬರೆದು ಮುಂದೆ ಹೋಗಬೇಡಿ. ಅಪರೂಪದ ಪ್ರತಿಕ್ರಿಯೆಗೆ 117 ಚಿಕ್ಕದೇನಲ್ಲ. ಇಲ್ಲಿನ ನಿಜವಾದ ತೊಡಕು ಬೇರೆ. 95% ರೋಗಿಗಳಲ್ಲಿ ಇಯೋಸಿನೋಫಿಲ್ ಹೆಚ್ಚಿತ್ತು, 91% ರೋಗಿಗಳಲ್ಲಿ ಒಳಾಂಗಕ್ಕೆ ಪೆಟ್ಟಾಗಿತ್ತು ಎಂದು ಪೇಪರ್ ಹೇಳುತ್ತದೆ. ಆದರೆ ಈ ರೋಗಿಗಳನ್ನು ಆರಿಸಿದ್ದೇ ಇಯೋಸಿನೋಫಿಲ್‌ಗೆ 2, ಒಳಾಂಗಕ್ಕೆ 2ರವರೆಗೆ ಅಂಕ ಕೊಡುವ ಸ್ಕೋರಿನಿಂದ. ಜರಡಿಯ ಕಣ್ಣಿಗೆ ತಕ್ಕ ಕಾಳೇ ಕೆಳಗೆ ಬಿದ್ದಿದೆ. ಇಯೋಸಿನೋಫಿಲ್ ಏರದ ಡ್ರೆಸ್ ರೋಗಿಗಳು ಬಿಟ್ಟುಹೋದ 84ರೊಳಗೆ ಇದ್ದಿರಬಹುದು. ಹಾಗಾಗಿ "ಇಯೋಸಿನೋಫಿಲ್ ನಾರ್ಮಲ್ ಇದ್ದರೆ ಡ್ರೆಸ್ ಅಲ್ಲ" ಎಂಬ ತೀರ್ಮಾನಕ್ಕೆ ಈ ಪೇಪರ್ ಆಧಾರವಾಗದು. ಸಾವಿನ ಪ್ರಮಾಣ ಇದರಲ್ಲಿ 2%, ಪುಸ್ತಕಗಳಲ್ಲಿ ಸಾಮಾನ್ಯವಾಗಿ ಕಾಣುವುದು ಸುಮಾರು 10%. ಎರಡನ್ನೂ ಒಟ್ಟಿಗೆ ಹೇಳಿ, ರೋಗಿಗಳನ್ನು ಆರಿಸಿದ ಬಗೆ ಬೇರೆ ಬೇರೆ ಎಂದು ನೆನಪಿಸಿ. ಫೆನಿಟೋಯಿನ್ ನುಂಗುವ ಎಷ್ಟು ಜನರಲ್ಲಿ ಒಬ್ಬರಿಗೆ ಇದು ಆಗುತ್ತದೆ ಎಂಬುದಕ್ಕೂ ಇದರಲ್ಲಿ ಉತ್ತರವಿಲ್ಲ. ಪ್ರತಿಕ್ರಿಯೆ ಆದವರನ್ನು ಮಾತ್ರ ಎಣಿಸಿದ ಪಟ್ಟಿ ಇದು.

ಜೀನ್ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೊಂದು ಸ್ಲೈಡ್ ಕೊನೆಯಲ್ಲಿ ಮುಚ್ಚಿಟ್ಟುಕೊಳ್ಳಿ. ಫೆನಿಟೋಯಿನ್ ಕರಗಿಸುವ ಕಿಣ್ವದ `CYP2C9*3` ರೂಪಕ್ಕೂ ತೀವ್ರ ಚರ್ಮ ಪ್ರತಿಕ್ರಿಯೆಗಳಿಗೂ ನಂಟಿದೆ ಎಂದು ತೈವಾನ್ ಸಂಶೋಧಕರು 2014ರಲ್ಲಿ ಜಾಮಾದಲ್ಲಿ ತೋರಿಸಿದರು. `HLA-B*15:02` ಮುಖ್ಯವಾಗಿ ಸ್ಟೀವನ್ಸ್ ಜಾನ್ಸನ್‌ಗೆ ಸಂಬಂಧಿಸಿದ್ದು, ಅದನ್ನು ಡ್ರೆಸ್‌ಗೆ ತಂದು ಕೂಡಿಸಬೇಡಿ.

ಹನ್ನೊಂದರಲ್ಲಿ ಚಿಕಿತ್ಸೆ. ಪ್ರೆಡ್ನಿಸೋಲೋನ್ ಸಾಮಾನ್ಯವಾಗಿ ಕಿಲೋಗೆ 1 ಮಿಗ್ರಾಂ, ಇಳಿಸುವುದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ. ಬೇಗ ಇಳಿಸಿದರೆ ಜ್ವರ, ದದ್ದು, ಎಎಲ್‌ಟಿ ಮತ್ತೆ ಏರುತ್ತವೆ. ಮುಂದೆ ಥೈರಾಯ್ಡ್ ಕೆಡುವುದುಂಟು, ಹಾಗಾಗಿ ಕೆಲವು ತಿಂಗಳ ನಂತರ ಟಿಎಸ್‌ಎಚ್ ನೋಡಬೇಕು. ಇದಕ್ಕಿಂತ ಹೆಚ್ಚು ಹೊತ್ತು ಬೇಕಾದದ್ದು ಮುಂದಿನ ಫಿಟ್ಸ್ ಔಷಧದ ಆಯ್ಕೆಗೆ. ಕಾರ್ಬಮಾಝೆಪಿನ್, ಆಕ್ಸ್‌ಕಾರ್ಬಮಾಝೆಪಿನ್, ಫೆನೋಬಾರ್ಬಿಟಾಲ್ ಇವುಗಳ ರಚನೆಯಲ್ಲೂ ಫೆನಿಟೋಯಿನ್‌ನಂತೆ ಅರೋಮ್ಯಾಟಿಕ್ ಉಂಗುರ ಇದೆ. ಒಂದಕ್ಕೆ ಡ್ರೆಸ್ ಆದವರಿಗೆ ಇನ್ನೊಂದಕ್ಕೂ ಆಗುವ ಸಾಧ್ಯತೆ 40ರಿಂದ 80% ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಲ್ಯಾಮೊಟ್ರಿಜಿನ್ ಕೂಡ ದೂರವೇ ಇರಲಿ. ಲಿವರ್ ಕೆಟ್ಟಿರುವಾಗ ವಾಲ್‌ಪ್ರೊಯೇಟ್ ಬೇಡ, 34ರ ಹೆಣ್ಣುಮಗಳಿಗೆ ಗರ್ಭದ ಕಾರಣಕ್ಕೂ ಬೇಡ. ಲೆವೆಟಿರಾಸಿಟಮ್ ಹೆಚ್ಚಾಗಿ ಕಿಡ್ನಿಯ ಮೂಲಕ ಹೊರಹೋಗುವುದರಿಂದ ನಿಮ್ಮ ವಾರ್ಡಿನವರ ಆಯ್ಕೆ ಸರಿಯಾಗಿದೆ, ಏಕೆ ಸರಿ ಎಂಬುದನ್ನು ಸ್ಲೈಡಿನಲ್ಲಿ ಹೇಳಿ.

ಹನ್ನೆರಡನೇ ಸ್ಲೈಡಿಗೆ ಬರುವ ಹೊತ್ತಿಗೆ ಶಂಕಿತ ಔಷಧ ಪ್ರತಿಕ್ರಿಯೆ ಫಾರಂ ತುಂಬಿ ನಿಮ್ಮ ಎಡಿಆರ್ ಕೇಂದ್ರಕ್ಕೆ ಕೊಟ್ಟಿರಬೇಕು. ಕೇಂದ್ರ ಹತ್ತಿರವಿಲ್ಲದವರಿಗೆ ಸಹಾಯವಾಣಿ 1800-180-3024. "ಶಂಕಿತ" ಎಂದರೆ ಸಾಕು, ಖಚಿತವಾಗುವವರೆಗೆ ಕಾಯಬೇಕಿಲ್ಲ. ಆಸ್ಪತ್ರೆಗೆ ಸೇರಿಸಬೇಕಾಗಿ ಬಂದದ್ದರಿಂದ ಇದು "ಗಂಭೀರ" ಎಂಬ ಚೌಕಕ್ಕೆ ಬರುತ್ತದೆ. ಸ್ಲೈಡಿನಲ್ಲಿ ಮರೆಮಾಡಿದ ತಾರೀಖುಗಳು ಫಾರಂನಲ್ಲಿ ಬೇಕೇ ಬೇಕು. ಅಮಾಕ್ಸಿಸಿಲಿನ್ ಅನ್ನೂ ಬಿಡದೆ ನಮೂದಿಸಿ.

ಅದೇ ಸ್ಲೈಡಿನಲ್ಲಿ ರೋಗಿಯ ಕೈಗೆ ಕೊಟ್ಟ ಅಲರ್ಜಿ ಕಾರ್ಡ್ ತೋರಿಸಿ. ಕೊಟ್ಟಿರದಿದ್ದರೆ ಈ ವಾರವೇ ಬರೆದುಕೊಡಿ. ಒಂದು ಬದಿ ಇಂಗ್ಲಿಷಿನಲ್ಲಿ ಡಾಕ್ಟರಿಗೆ, ಇನ್ನೊಂದು ಬದಿ ಕನ್ನಡದಲ್ಲಿ ಮನೆಯವರಿಗೆ. ಫಾಸ್‌ಫೆನಿಟೋಯಿನ್ ಹೆಸರು ಅದರಲ್ಲಿ ಬೇರೆಯಾಗಿ, ಎದ್ದುಕಾಣುವಂತೆ ಇರಬೇಕು. ಮತ್ತೆ ಫಿಟ್ಸ್ ಬಂದು ಪ್ರಜ್ಞೆಯಿಲ್ಲದೆ ಯಾವುದೋ ಊರಿನ ಕ್ಯಾಶುಯಲ್ಟಿಗೆ ಹೋದಾಗ ಮೊದಲು ಏರಿಸುವ ಇಂಜೆಕ್ಷನ್‌ಗಳಲ್ಲಿ ಅದೂ ಒಂದು, "ಫೆನಿಟೋಯಿನ್ ಆಗಲ್ಲ" ಎಂದು ಗೊತ್ತಿರುವ ಮನೆಯವರಿಗೂ ಆ ಹೆಸರು ಬೇರೆ ಔಷಧದಂತೆ ಕೇಳಿಸುತ್ತದೆ. ಆಕೆ ನುಂಗುತ್ತಿದ್ದ ಮಾತ್ರೆಯ ಬ್ರ್ಯಾಂಡ್ ಹೆಸರನ್ನೂ ಬರೆಯಿರಿ, ಮನೆಯಲ್ಲಿ ನೆನಪಿರುವುದು ಆ ಹೆಸರೇ. ಕೊನೆಗೆ "ಥ್ಯಾಂಕ್ ಯೂ" ಸ್ಲೈಡ್ ಹಾಕಬೇಡಿ. ಪ್ರಶ್ನೋತ್ತರ ಮುಗಿಯುವವರೆಗೂ ಆ ಕಾರ್ಡ್ ಪರದೆಯ ಮೇಲೆ ಇರಲಿ.